ಪದವಿಯಿಂದ ವಕಾಲತ್ತಿನವರೆಗೆ: ಮಡಿಕೇರಿಯ ಒಬ್ಬ ಜೂನಿಯರ್‌ನ ಎಂಟು ತಿಂಗಳು

2024ರ ಆಗಸ್ಟ್. ಕೊಡಗಿನ ಮಳೆಯ ತಿಂಗಳು ಕಕ್ಕಡ ಮುಗಿಯುತ್ತಾ ಬಂದಿತ್ತು, ಮಳೆ ಮಾತ್ರ ಮುಗಿದಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಒದ್ದೆ ಛತ್ರಿಯನ್ನು ಬಾಗಿಲ ಬಳಿ ಇಟ್ಟು ಒಬ್ಬ ಹುಡುಗಿ ನನ್ನ ಮಡಿಕೇರಿಯ ವಕೀಲಿ ಆಫೀಸಿಗೆ ಬಂದಳು. ಬಿ.ಎ. ಮುಗಿಸಿ, ಮೂರು ವರ್ಷದ ಎಲ್‌ಎಲ್‌ಬಿ ಮಾಡಿದ್ದಳು. ಕೊನೆಯ ಸೆಮಿಸ್ಟರ್ ಫಲಿತಾಂಶ ಆಗಷ್ಟೇ ಬಂದಿತ್ತು. ಕೈಯಲ್ಲಿದ್ದ ಚೀಲದಲ್ಲಿ ಹೊಸದಾಗಿ ಹೊಲಿಸಿದ ಕರಿ ಕೋಟು ಇತ್ತು. ನಿಜ ಹೆಸರು ಬೇಡ, ಇಲ್ಲಿ ಅವಳನ್ನು ಮುತ್ತಮ್ಮ ಎಂದು ಕರೆಯುತ್ತೇನೆ.

"ಮೇಡಂ, ಸೋಮವಾರದಿಂದ ಕೋರ್ಟಿಗೆ ಬರ್ಲಾ?" ಎಂದು ಕೇಳಿದಳು. ಬಾ ಎಂದೆ. ಕೋಟು ಮಾತ್ರ ಮನೆಯಲ್ಲೇ ಇರಲಿ ಎಂದೆ. ಅವಳ ಮುಖ ಸಪ್ಪಗಾಯಿತು. ಆ ಕೋಟು ಹಾಕಿಕೊಂಡು ಅವಳು ನ್ಯಾಯಾಧೀಶರ ಮುಂದೆ ನಿಲ್ಲುವ ತನಕ ಏನೇನಾಯಿತು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನ ಮಕ್ಕಳಿಗೆ ಇದರಲ್ಲಿ ಎರಡು ತೊಡಕು ಬೇರೆಯವರಿಗಿಂತ ಜಾಸ್ತಿ ಎಂದು ನನ್ನ ಅನುಭವ. ಒಂದು ಹೆಸರು, ಇನ್ನೊಂದು ಹೋಂಸ್ಟೇ.

ಮೊದಲ ತೊಡಕು ಬಂದದ್ದು ಎರಡನೇ ವಾರದಲ್ಲೇ. ಆ ದಿನ ನನಗೆ ವಿರಾಜಪೇಟೆ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಇತ್ತು. ಮಡಿಕೇರಿಯಲ್ಲಿ ಒಂದು ಸಿವಿಲ್ ದಾವೆ ಕರೆಯುವುದಿತ್ತು. ಅಲ್ಲಿದ್ದ ಒಬ್ಬ ವಕೀಲ ಮಿತ್ರರು ಒಳ್ಳೆಯ ಮನಸ್ಸಿನಿಂದಲೇ ಮುತ್ತಮ್ಮನಿಗೆ ಹೇಳಿದರು: "ಕೇಸ್ ಕರೆದಾಗ ಎದ್ದು ನಿಂತು ವಾಯಿದೆ ಕೇಳಮ್ಮ, ಅಷ್ಟೇ ತಾನೆ." ಅವಳು ಹೊರಗೆ ಬಂದು ನನಗೆ ಫೋನ್ ಮಾಡಿದಳು. ಬೇಡ ಎಂದೆ. ಆ ಮಿತ್ರರೇ ನನ್ನ ಪರವಾಗಿ ನಿಂತು ವಾಯಿದೆ ಪಡೆದರು.

ಅವರು ನಿಲ್ಲಬಹುದು, ಇವಳು ನಿಲ್ಲುವಂತಿಲ್ಲ. ಯಾಕೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 4ರಲ್ಲಿ ಇದಕ್ಕೆ ಉತ್ತರ ಇದೆ. ಕಕ್ಷಿದಾರ ಸಹಿ ಮಾಡಿಕೊಡುವ ಅಧಿಕಾರಪತ್ರವೇ ವಕಾಲತ್ತು. ಅದನ್ನು ಹಾಕಿದ ವಕೀಲರು ಇನ್ನೊಬ್ಬ ವಕೀಲರನ್ನು ತಮ್ಮ ಪರ ವಾದಿಸಲು ನಿಲ್ಲಿಸಿದರೆ ಅವರು ಬೇರೆ ವಕಾಲತ್ತು ಹಾಕಬೇಕಿಲ್ಲ. ಆದರೆ ಹಾಗೆ ನಿಲ್ಲುವವರೂ ವಕೀಲರೇ ಆಗಿರಬೇಕು. ಎಲ್‌ಎಲ್‌ಬಿ ಮುಗಿಸಿದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಏರಿದವರಷ್ಟೇ ವಕೀಲರು. ನಾವು ಸನ್ನದು ಎಂದು ಕರೆಯುವುದು ಇದನ್ನೇ. ಅದಿಲ್ಲದೆ ವಕೀಲಿಕೆ ಮಾಡಿದರೆ ಅದೇ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಶಿಕ್ಷೆ ಇದೆ. 32ನೇ ಸೆಕ್ಷನ್‌ನಲ್ಲಿ ಸನ್ನದು ಇಲ್ಲದವರಿಗೂ ಒಂದು ನಿರ್ದಿಷ್ಟ ಕೇಸಿನಲ್ಲಿ ಹಾಜರಾಗಲು ಕೋರ್ಟು ಅನುಮತಿ ಕೊಡಬಹುದು ಎಂದಿದೆ. ಅದನ್ನು ಓದಿಕೊಂಡು ಬಂದು ಮುತ್ತಮ್ಮ ನನಗೆ ತೋರಿಸಿದಳು. ಆದರೆ ಅದು ಜೂನಿಯರ್‌ಗಳ ದಿನನಿತ್ಯದ ಬಳಕೆಗೆ ಇಟ್ಟ ದಾರಿಯಲ್ಲ.

ಹಾಗಾಗಿ ಮೊದಲ ಎರಡು ತಿಂಗಳು ಅವಳು ಫೈಲ್ ಓದಿದಳು, ಕರಡು ಬರೆದಳು, ಕೋರ್ಟಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ಜತೆಗೆ ಸನ್ನದಿನ ಅರ್ಜಿಯ ಕೆಲಸ ಶುರುವಾಯಿತು.

ಒಂದು ಶನಿವಾರ ಅವಳ ಕಾಗದಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರಡಿದೆವು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿ.ಎ., ಎಲ್‌ಎಲ್‌ಬಿಯ ಆರೂ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಆಧಾರ್. ಒಂದೊಂದರಲ್ಲೂ ಹೆಸರು ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆ ಎಂದೆ. ಬರೆಯುತ್ತಾ ಬರೆಯುತ್ತಾ ಅವಳೇ ನಿಂತುಬಿಟ್ಟಳು.

ಎಸ್‌ಎಸ್‌ಎಲ್‌ಸಿಯಲ್ಲಿ ಅವಳ ಹೆಸರು, ಅದರ ಮುಂದೆ ಎರಡು ಅಕ್ಷರ. ಮೊದಲನೆಯದು ಮನೆಪೆದದ್ದು, ಅಂದರೆ ಮನೆತನದ ಹೆಸರಿನದು, ಎರಡನೆಯದು ಅಪ್ಪನ ಹೆಸರಿನದು. ಎಲ್‌ಎಲ್‌ಬಿಯಲ್ಲೂ ಹಾಗೇ ಇತ್ತು. ಬಿ.ಎ. ಮಾರ್ಕ್ಸ್ ಕಾರ್ಡಿನಲ್ಲಿ ಆ ಎರಡು ಅಕ್ಷರ ಅದಲುಬದಲಾಗಿತ್ತು. ಆಧಾರ್‌ನಲ್ಲಿ ಮನೆಪೆದ ಪೂರ್ತಿಯಾಗಿ ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ಇವಳ ಹೆಸರು. ನಾಲ್ಕು ಕಾಗದ, ಮೂರು ಬಗೆ.

ಕೊಡಗಿನಲ್ಲಿ ಇದು ಮನೆಮನೆಯ ಕಥೆ. ಮನೆಪೆದ ನಮ್ಮಲ್ಲಿ ಹೆಸರಿನ ಬೇರು. ಶಾಲೆಗೆ ಸೇರಿಸುವಾಗ ಅದು ಒಂದು ಅಕ್ಷರವಾಗಿ ಕುಗ್ಗುತ್ತದೆ, ಆಧಾರ್ ಮಾಡಿಸುವಾಗ ಮತ್ತೆ ಪೂರ್ತಿಯಾಗಿ ಬರುತ್ತದೆ. ಅರೆಭಾಷೆ ಗೌಡರ ಮನೆಗಳಲ್ಲೂ ಮನೆತನದ ಹೆಸರು ಹೀಗೇ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಇನ್ನೊಂದು ಸುತ್ತು ಇದೆ. ಓದು ಮುಗಿಯುವ ಹೊತ್ತಿಗೆ ಮದುವೆಯಾಗಿದ್ದರೆ ಆಧಾರ್‌ನಲ್ಲಿ ಗಂಡನ ಮನೆಯ ಹೆಸರು ಬಂದಿರುತ್ತದೆ, ಮಾರ್ಕ್ಸ್ ಕಾರ್ಡುಗಳಲ್ಲಿ ತವರಿನದು ಉಳಿದಿರುತ್ತದೆ.

ಮುತ್ತಮ್ಮನಿಗೆ ಸನ್ನದಿನಲ್ಲಿ ಮನೆಪೆದ ಪೂರ್ತಿಯಾಗಿ ಬರಬೇಕು ಎಂಬ ಆಸೆ ಇತ್ತು. "ಮನೆಪೆದ ಇಲ್ಲದ ಹೆಸರು ನನ್ನದು ಹೇಗಾಗ್ತದೆ ಮೇಡಂ?" ಎಂದಳು. ಆ ಮಾತು ನನಗೆ ಅರ್ಥವಾಗುತ್ತದೆ. ನಾನೂ ಅದೇ ಮಣ್ಣಿನವಳು. ಆದರೂ ನನ್ನ ಸಲಹೆ ಬೇರೆ ಇತ್ತು. ಎಸ್‌ಎಸ್‌ಎಲ್‌ಸಿಯಲ್ಲೂ ಕಾನೂನು ಪದವಿಯಲ್ಲೂ ಒಂದೇ ಥರ ಇರುವ ಹೆಸರನ್ನೇ ಅರ್ಜಿಯಲ್ಲಿ ಹಾಕು ಎಂದೆ. ಹುಟ್ಟಿದ ದಿನಕ್ಕೆ ಎಸ್‌ಎಸ್‌ಎಲ್‌ಸಿ ಆಧಾರ, ಅರ್ಹತೆಗೆ ಪದವಿ ಆಧಾರ. ಇವೆರಡೂ ಸೇರಿದ ಹೆಸರಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಪಟ್ಟಿಗೆ ಏರಿದ ಹೆಸರೇ ಮುಂದೆ ಅಖಿಲ ಭಾರತ ವಕೀಲರ ಪರೀಕ್ಷೆಗೆ ಹೋಗುತ್ತದೆ. ಅಲ್ಲಿಂದ ವಕೀಲಿಕೆ ಪ್ರಮಾಣಪತ್ರಕ್ಕೆ, ಅಲ್ಲಿಂದ ಪ್ರತಿ ವಕಾಲತ್ತಿಗೆ. ಮೊದಲ ಕೊಂಡಿಯಲ್ಲಿ ಬಿರುಕು ಇದ್ದರೆ ಎಲ್ಲ ಕಡೆ ಅದೇ ಬಿರುಕು. ಮನೆಪೆದ ಪೂರ್ತಿ ಬೇಕೇಬೇಕು ಎಂದಾದರೆ ಮೊದಲು ಶಾಲೆ ಕಾಲೇಜಿನ ದಾಖಲೆಗಳನ್ನೇ ತಿದ್ದಿಸಬೇಕು. ಅದು ಬೇಗ ಆಗುವ ಕೆಲಸವಲ್ಲ. ಅವಳು ಎರಡು ದಿನ ಯೋಚಿಸಿದಳು. ಮನೆಯಲ್ಲಿ ಅವಳ ಅವ್ವ, "ಅಕ್ಷರ ಇದೆಯಲ್ಲ, ಅದು ನಮ್ಮ ಮನೆದೇ ಅಲ್ವಾ" ಎಂದರಂತೆ. ಒಪ್ಪಿದಳು.

ಇನ್ನು ಉಳಿದ ವ್ಯತ್ಯಾಸಕ್ಕೆ ಒಂದು ಅಫಿಡವಿಟ್ ಬೇಕಾಯಿತು. ಈ ಎಲ್ಲ ಹೆಸರು ಒಬ್ಬಳದೇ ಎಂದು ಪ್ರಮಾಣ ಮಾಡಿ, ನೋಟರಿ ಮುಂದೆ ಸಹಿ ಮಾಡುವುದು. ಇಲ್ಲಿ ನಾವೇ ಒಂದು ತಪ್ಪು ಮಾಡಿದೆವು. ಮೊದಲ ಅಫಿಡವಿಟ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ಆಧಾರ್ ಹೆಸರನ್ನಷ್ಟೇ ಬರೆದಿದ್ದೆವು. ಬಿ.ಎ. ಮಾರ್ಕ್ಸ್ ಕಾರ್ಡಿನಲ್ಲಿ ಅಕ್ಷರ ಅದಲುಬದಲಾದದ್ದು ಬಿಟ್ಟುಹೋಗಿತ್ತು. ಅರ್ಜಿ ಜೋಡಿಸುವಾಗ ಕಣ್ಣಿಗೆ ಬಿತ್ತು, ಇನ್ನೊಂದು ಮಾಡಿಸಿದೆವು. ಎರಡನೆಯದರಲ್ಲಿ ಪ್ರತಿ ದಾಖಲೆಯ ಹೆಸರು, ಅದರ ನೋಂದಣಿ ಸಂಖ್ಯೆ, ಅದರಲ್ಲಿ ಅವಳ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೇ ಅಕ್ಷರಕ್ಕೆ ಅಕ್ಷರ ಬರೆದೆವು. ಯಾವ ಅಕ್ಷರ ಮನೆಪೆದದ್ದು, ಯಾವುದು ಅಪ್ಪನ ಹೆಸರಿನದು ಎಂದೂ ಬಿಡಿಸಿ ಹೇಳಿದೆವು. ಕೊಡಗಿನ ಹೊರಗಿನ ಗುಮಾಸ್ತರಿಗೆ ಅದು ತಾನಾಗಿ ತಿಳಿಯುವುದಿಲ್ಲ. ಆ ಒಂದು ವಾಕ್ಯದಿಂದ ಎಷ್ಟೋ ಪ್ರಶ್ನೆ ತಪ್ಪುತ್ತದೆ.

ಹೆಸರಿನದು ಮುಗಿಯಿತು ಎನ್ನುವಾಗ ಅರ್ಜಿಯ ಇನ್ನೊಂದು ಕಾಲಂ ಬಂತು. ನೀವು ಯಾವುದಾದರೂ ನೌಕರಿ, ವ್ಯಾಪಾರ, ವ್ಯವಹಾರದಲ್ಲಿ ಇದ್ದೀರಾ? "ಇಲ್ಲ" ಎಂದು ಬರೆಯಲು ಹೊರಟವಳನ್ನು ತಡೆದೆ. ಅವಳ ಮನೆಯ ಕಾಫಿ ತೋಟದ ಅಂಚಿನಲ್ಲಿ ಮೂರು ಕೋಣೆಯ ಹೋಂಸ್ಟೇ ಇದೆ ಎಂದು ನನಗೆ ಗೊತ್ತಿತ್ತು. ಅದು ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಅವಳದೇ ಹೆಸರಿನಲ್ಲಿತ್ತು. ಆನ್‌ಲೈನ್ ಬುಕಿಂಗ್ ಎಲ್ಲ ಮಗಳೇ ನೋಡುತ್ತಾಳೆ, ಅರ್ಜಿಯೂ ಅವಳದೇ ಇರಲಿ ಎಂದು ಅವ್ವ ಸುಮ್ನೆ ಹಾಗೆ ಮಾಡಿಸಿದ್ದರು. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯಿತಿಯ ಪರವಾನಗಿ, ಹಣ ಬರುವ ಬ್ಯಾಂಕ್ ಖಾತೆ, ಮೂರೂ ಇವಳದೇ.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 47ನೆಯದು ಇದಕ್ಕೆ ಸಂಬಂಧಿಸಿದ್ದು. ವಕೀಲರು ತಾವೇ ಮುಂದೆ ನಿಂತು ಯಾವ ವ್ಯಾಪಾರವನ್ನೂ ಮಾಡುವಂತಿಲ್ಲ. ನಡೆಸುವ ಕೆಲಸಕ್ಕೆ ಕೈ ಹಾಕದೆ ಬರೀ ಪಾಲುದಾರರಾಗಿ ಇರಬಹುದು, ಅದೂ ವೃತ್ತಿಯ ಘನತೆಗೆ ಒಪ್ಪುವ ವ್ಯವಹಾರವಾದರೆ. 50ನೇ ನಿಯಮದ ಪ್ರಕಾರ ಹಿರಿಯರಿಂದ ಬಂದ ಮನೆಯ ವ್ಯವಹಾರದಲ್ಲಿ ಪಾಲು ಉಳಿಸಿಕೊಳ್ಳಬಹುದು, ಆದರೆ ಅದರ ಆಡಳಿತ ನಡೆಸುವಂತಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯೂ ಇಲ್ಲ, ಅದು 49ನೇ ನಿಯಮ.

"ಹಾಗಾದ್ರೆ ತೋಟ?" ಎಂದು ಗಾಬರಿಯಿಂದ ಕೇಳಿದಳು. ತೋಟ ಬೇರೆ. ಕಾಫಿ, ಕರಿಮೆಣಸು ಬೆಳೆಯುವುದು ಕೃಷಿ. ಭೂಮಿಯಲ್ಲಿ ಹಕ್ಕಿದೆ, ಅದರ ಬೆಳೆಯ ಪಾಲು ಬರುತ್ತದೆ ಎಂಬ ಕಾರಣಕ್ಕೆ ಸನ್ನದು ನಿಲ್ಲುವುದಿಲ್ಲ. ಹಾಗೆ ನಿಂತಿದ್ದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಕೋರ್ಟುಗಳಲ್ಲಿ ಎಷ್ಟು ಜನ ವಕೀಲರು ಉಳಿಯುತ್ತಿದ್ದರು? ಆದರೆ ಬೇರೆಯವರ ಕಾಫಿ ಕೊಂಡು ಮಾರುವುದು, ಕ್ಯೂರಿಂಗ್ ನಡೆಸುವುದು, ಹೋಂಸ್ಟೇ ನಡೆಸುವುದು ಇವೆಲ್ಲ ವ್ಯವಹಾರ ಎಂದೇ ನಾನು ತಿಳಿಯುತ್ತೇನೆ.

ಕೆಲವರು ಇಂಥ ವಿಷಯ ಮುಚ್ಚಿಟ್ಟುಬಿಡು, ಯಾರು ನೋಡ್ತಾರೆ ಎನ್ನುತ್ತಾರೆ. ಅದು ಕೆಟ್ಟ ಸಲಹೆ. ಮುಖ್ಯವಾದ ಸಂಗತಿಯನ್ನು ತಪ್ಪಾಗಿ ತಿಳಿಸಿ ಹೆಸರು ಸೇರಿಸಿಕೊಂಡಿದ್ದು ಗೊತ್ತಾದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆ. ವಕೀಲರ ಕಾಯ್ದೆಯ 26ನೇ ಸೆಕ್ಷನ್‌ನಲ್ಲೇ ಅದು ಬರೆದಿದೆ, ಇಷ್ಟು ವರ್ಷದೊಳಗೆ ಎಂಬ ಗಡುವೂ ಅದರಲ್ಲಿಲ್ಲ. ಹತ್ತು ವರ್ಷ ವಕೀಲಿಕೆ ಮಾಡಿದ ಮೇಲೆ ಎದುರು ಕಕ್ಷಿದಾರನೊಬ್ಬ ಸಿಟ್ಟಿನಲ್ಲಿ ಹಳೆಯ ಹೋಂಸ್ಟೇ ಪರವಾನಗಿಯ ಪ್ರತಿ ತೆಗೆದು ದೂರು ಕೊಟ್ಟರೆ ಏನು ಹೇಳುವುದು? ಬಾಕಿ ಇರುವ ಕ್ರಿಮಿನಲ್ ಕೇಸಿನ ಕಾಲಂ ಬಗ್ಗೆಯೂ ನನ್ನ ಮಾತು ಇದೇ. ಕೇಸ್ ಇದೆ ಎಂಬ ಒಂದೇ ಕಾರಣಕ್ಕೆ 24ಎ ಸೆಕ್ಷನ್ ಅಡ್ಡ ಬರುವುದಿಲ್ಲ. ಅದು ಮಾತಾಡುವುದು ನೈತಿಕ ಅಧಃಪತನದಂಥ ಅಪರಾಧದಲ್ಲಿ ಶಿಕ್ಷೆಯಾದವರ ಬಗ್ಗೆ. ಇರುವ ಕೇಸನ್ನು ಬಚ್ಚಿಟ್ಟರೆ ಅದೇ ಬೇರೆ ಸಮಸ್ಯೆಯಾಗುತ್ತದೆ.

ಮುತ್ತಮ್ಮ ಸರಿಯಾದ ದಾರಿ ಹಿಡಿದಳು. ಹೋಂಸ್ಟೇಯನ್ನು ಅವ್ವನ ಹೆಸರಿಗೆ ಮಾಡಿಸಲು ಅರ್ಜಿ ಹಾಕಿದಳು, ಬ್ಯಾಂಕ್ ಖಾತೆ ಬದಲಿಸಿದಳು, ಬುಕಿಂಗ್ ಕೆಲಸವನ್ನು ತಮ್ಮನಿಗೆ ಕಲಿಸಿದಳು. ಪರವಾನಗಿ ಅವ್ವನ ಹೆಸರಿಗೆ ಬಂದ ಮೇಲೆಯೇ ಸನ್ನದಿನ ಅರ್ಜಿಗೆ ಸಹಿ ಹಾಕಿದಳು. ಇದಕ್ಕೆ ಮೂರು ವಾರ ಹೋಯಿತು. ಆ ನಡುವೆ ಪರಿಷತ್ತಿನ ಒಂದು ನೋಂದಣಿ ದಿನ ಕೈ ತಪ್ಪಿತು. ಅವಳಿಗೆ ಬೇಸರವಾಯಿತು, ಆದರೆ ಆ ಮೂರು ವಾರ ದಂಡವಾಯಿತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಶುಲ್ಕದ ಮಾತು ಚಿಕ್ಕದು, ಆದರೆ ಹೇಳಲೇಬೇಕು. ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ನೋಂದಣಿ ಶುಲ್ಕ ಎಷ್ಟು ಎಂದು ಬರೆದಿದೆ. ರಾಜ್ಯ ಪರಿಷತ್ತಿಗೆ 600, ಭಾರತೀಯ ಪರಿಷತ್ತಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 100 ಮತ್ತು 25, ಒಟ್ಟು 125. ಇದರ ಮೇಲೆ ಕಾನೂನಿನಂತೆ ಕೊಡಬೇಕಾದ ಮುದ್ರಾಂಕ ಶುಲ್ಕ ಇದ್ದರೆ ಅದು. ದೇಶದ ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಿದ್ದರು. ಮುತ್ತಮ್ಮ ನನ್ನ ಆಫೀಸಿಗೆ ಬರುವ ಎರಡು ವಾರ ಮೊದಲು, 2024ರ ಜುಲೈ 30ರಂದು, ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಕಾಯ್ದೆಯಲ್ಲಿ ಇರುವುದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಎಂದಿತು. ಮೊದಲು ಕಟ್ಟಿದ್ದನ್ನು ವಾಪಸ್ ಕೊಡಬೇಕಿಲ್ಲ, ತೀರ್ಪು ಮುಂದಿನವರಿಗೆ ಮಾತ್ರ ಎಂದೂ ಹೇಳಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಐಚ್ಛಿಕ ಶುಲ್ಕ ಎಂಬುದೂ ಇಲ್ಲ ಎಂದು ಸ್ಪಷ್ಟ ಮಾಡಿತು. ಈಗ ಅರ್ಜಿ ಹಾಕುವ ಮಕ್ಕಳು ಈ ಎರಡೂ ಆದೇಶ ಓದಿಕೊಂಡು ಹೋಗಬೇಕು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ, ಅದರಲ್ಲಿ ಯಾವುದಕ್ಕೆ ಎಂದು ಬರೆದಿದೆಯಾ ನೋಡಿ. ವಕೀಲರ ಕಲ್ಯಾಣ ನಿಧಿ 1983ರ ಬೇರೆ ಕಾಯ್ದೆಯದು, ಅದಕ್ಕೂ ನೋಂದಣಿ ಶುಲ್ಕಕ್ಕೂ ಗಂಟು ಹಾಕಬಾರದು.

ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, ಅವಳಿಗೆ ಬೆಂಗಳೂರಿಗೆ ಹೋಗುವ ದಿನ ಬಂತು. ರಾತ್ರಿ ಬಸ್ಸಿನಲ್ಲಿ ಹೊರಟಳು. ಎಲ್ಲ ಮೂಲ ದಾಖಲೆ, ಎರಡು ಜೊತೆ ಪ್ರತಿ, ಫೋಟೋ, ಅಫಿಡವಿಟ್, ಕೋಟು, ಬಿಳಿ ಬ್ಯಾಂಡ್. ಅಂದು ನೋಂದಣಿಯಾದ ಗುಂಪಿನ ಜತೆ ಅವಳೂ ಪ್ರಮಾಣ ಮಾಡಿದಳು. ಹೆಸರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬಂತಂತೆ. ಅಫಿಡವಿಟ್‌ನಲ್ಲಿ ಮನೆಪೆದದ ಸಾಲನ್ನು ತೋರಿಸಿದಳು, ಮುಗಿಯಿತು. ಹೆಸರು ಪಟ್ಟಿಗೆ ಏರಿತು. ಕರ್ನಾಟಕದ ನೋಂದಣಿ ಸಂಖ್ಯೆ `KAR` ಎಂದು ಶುರುವಾಗಿ, ನಡುವೆ ಕ್ರಮಸಂಖ್ಯೆ, ಕೊನೆಗೆ ವರ್ಷ ಇರುತ್ತದೆ. ಆ ಸಂಖ್ಯೆ ಸಿಕ್ಕಿದ ಕೂಡಲೇ ನನಗೆ ಮೆಸೇಜ್ ಮಾಡಿದಳು.

ಹೊಸಬರಿಗೆ ಇಲ್ಲೊಂದು ಗೊಂದಲ. ಪರಿಷತ್ತು ಬೇರೆ, ಸಂಘ ಬೇರೆ. ಸನ್ನದು ಕೊಡುವುದು ರಾಜ್ಯ ವಕೀಲರ ಪರಿಷತ್ತು. ಊರಿನ ವಕೀಲರ ಸಂಘ ಸದಸ್ಯತ್ವ ಕೊಡುತ್ತದೆ, ಕೂರಲು ಜಾಗ ಕೊಡುತ್ತದೆ, ಲೈಬ್ರರಿ ಕೊಡುತ್ತದೆ. ಸಂಘದ ಸದಸ್ಯತ್ವದಿಂದ ವಕೀಲಿಕೆಯ ಹಕ್ಕು ಬರುವುದಿಲ್ಲ.

ಸನ್ನದು ಬಂದ ಮೇಲೆ ಎಲ್ಲ ಮುಗಿಯಿತು ಎಂದು ತಿಳಿಯುವವರೇ ಜಾಸ್ತಿ. ನಿಜವಾಗಿ ಗಡಿಯಾರ ಓಡಲು ಶುರುವಾಗುವುದೇ ಆ ದಿನ. 2009-10ರ ಸಾಲಿನಿಂದ ಈಚೆ ಕಾನೂನು ಪದವಿ ಪಡೆದವರೆಲ್ಲ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಆಗ ಮಾತ್ರ ವಕೀಲಿಕೆ ಪ್ರಮಾಣಪತ್ರ. ಮೊದಲು ಸಿಗುವುದು ತಾತ್ಕಾಲಿಕ ನೋಂದಣಿ, ಅದಕ್ಕೆ ಎರಡು ವರ್ಷದ ಗಡುವು. ಅಷ್ಟರೊಳಗೆ ಪಾಸಾಗುತ್ತೇನೆ ಎಂದು ಬರೆದುಕೊಟ್ಟೇ ಅವಳು ಸೇರಿದ್ದಳು. ಗಡುವು ದಾಟಿದರೆ ಹೆಸರು ಪಟ್ಟಿಯಲ್ಲಿದ್ದರೂ, ಪಾಸಾಗುವ ತನಕ ಕೋರ್ಟಿನಲ್ಲಿ ನಿಲ್ಲುವ ಹಕ್ಕಿಲ್ಲ. ಈ ಪರೀಕ್ಷೆ ಬೇಕಾ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಗಿತ್ತು. 2023ರ ಫೆಬ್ರವರಿ 10ರಂದು ಪೀಠ ಪರೀಕ್ಷೆಯನ್ನು ಎತ್ತಿ ಹಿಡಿಯಿತು. ಹಾಗಾಗಿ ಆ ವಾದಕ್ಕೆ ಈಗ ಜಾಗವಿಲ್ಲ.

ಎರಡು ವರ್ಷ ಎಂದರೆ ದೊಡ್ಡ ಕಾಲ ಎನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 2023ರ ಪರೀಕ್ಷೆ ಡಿಸೆಂಬರ್ 10ಕ್ಕೆ ನಡೆದಿತ್ತು. ಅದರ ಮುಂದಿನದು 2024ರ ಡಿಸೆಂಬರ್ 22ಕ್ಕೆ. ನಡುವೆ ಒಂದು ವರ್ಷಕ್ಕೂ ಜಾಸ್ತಿ. 2024ರ ಪರೀಕ್ಷೆಯನ್ನು ಮೊದಲು ನವೆಂಬರ್‌ನಲ್ಲಿ ನಡೆಸುತ್ತೇವೆ ಎಂದಿದ್ದರು, ಆಮೇಲೆ ಮುಂದೆ ಹೋಯಿತು. ಹೀಗಿರುವಾಗ ಮುತ್ತಮ್ಮ ಆ ಒಂದನ್ನು ಬಿಟ್ಟಿದ್ದರೆ ಅವಳ ಗಡುವಿನೊಳಗೆ ಉಳಿಯುತ್ತಿದ್ದದ್ದು, ಅಂದಿನ ಲೆಕ್ಕದಲ್ಲಿ, ಒಂದೇ ಅವಕಾಶ. ಆ ದಿನ ಜ್ವರ ಬಂದರೆ? ಅದಕ್ಕೇ ಮೊದಲ ಪರೀಕ್ಷೆಯನ್ನೇ ಬರೆಯಬೇಕು ಎಂದು ನಾನು ಹಠ ಹಿಡಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳೂ ಬರೆಯಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಮಾಡಿಕೊಟ್ಟಿತು. ಓದುತ್ತಿರುವವರಿಗೆ ಅದು ಒಳ್ಳೆಯದೇ, ಆದರೆ ಬರೆದು ಪಾಸಾದರೂ ಸನ್ನದು ಇಲ್ಲದೆ ವಕೀಲಿಕೆ ಪ್ರಮಾಣಪತ್ರ ಬರುವುದಿಲ್ಲ.

ಪರೀಕ್ಷೆಯ ಅರ್ಜಿ ಆನ್‌ಲೈನ್. ಆಗ ಶುಲ್ಕ 3,500 ರೂಪಾಯಿ, ಪರಿಶಿಷ್ಟರಿಗೆ 2,500 ಇತ್ತು. ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಅವಳು ಪೇಟೆಯ ಒಂದು ಸೈಬರ್ ಸೆಂಟರ್‌ಗೆ ಹೋಗಿ ತುಂಬಿಸಿದಳು. ಸಲ್ಲಿಸುವ ಮೊದಲು ಪ್ರಿಂಟ್ ತಗೊಂಡು ಬಾ ಎಂದಿದ್ದೆ. ತಂದಳು. ಸನ್ನದಿನಲ್ಲಿ `Muthamma` ಎಂದಿದ್ದದ್ದು ಅರ್ಜಿಯಲ್ಲಿ `Muttamma` ಆಗಿತ್ತು. ಕಿವಿಗೆ ಎರಡೂ ಒಂದೇ. ಕಾಗದದಲ್ಲಿ ಎರಡು ಬೇರೆ ಜನ. ಈ ಅರ್ಜಿಯಲ್ಲಿ ಬರೆದ ಹೆಸರೇ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ಸಲ್ಲಿಸುವ ಮೊದಲು ತಿದ್ದುವುದು ಎರಡು ನಿಮಿಷದ ಕೆಲಸ, ಅಚ್ಚಾದ ಮೇಲೆ ಬೆಂಗಳೂರು, ದೆಹಲಿ ಎಂದು ಪತ್ರ ಬರೆಯುವ ಕೆಲಸ. ಸನ್ನದನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು, ಅಪ್ಪನ ಹೆಸರು, ನೋಂದಣಿ ಸಂಖ್ಯೆ, ನೋಂದಣಿ ದಿನ ಈ ನಾಲ್ಕನ್ನು ಇಬ್ಬರು ಕೂತು ಓದಿದೆವು. ಒಬ್ಬಳು ಓದುವುದು, ಇನ್ನೊಬ್ಬಳು ಬೆರಳಿಟ್ಟು ನೋಡುವುದು.

ಪರೀಕ್ಷೆಯ ಬಗ್ಗೆ ಭಯ ಬೇಡ, ಉದಾಸೀನವೂ ಬೇಡ. ನೂರು ಪ್ರಶ್ನೆ, ಎಲ್ಲವೂ ಬಹು ಆಯ್ಕೆಯವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡದಲ್ಲೂ ಬರೆಯಬಹುದು. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 40 ಶೇಕಡಾ ಬೇಕು. ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಇಲ್ಲೇ ಮಕ್ಕಳು ಮೋಸ ಹೋಗುತ್ತಾರೆ. ಪುಸ್ತಕ ಕೈಯಲ್ಲಿದೆ ಎಂದು ಓದದೆ ಹೋಗುತ್ತಾರೆ. ಪ್ರತಿ ಪ್ರಶ್ನೆಗೂ ಪುಟ ಹುಡುಕುತ್ತಾ ಕೂತರೆ ಹೊತ್ತು ಸಾಲುವುದಿಲ್ಲ. ಕಾಲೇಜಿನಲ್ಲಿ ಪೆನ್ನಿನಿಂದ ಅಂಚಿನಲ್ಲೆಲ್ಲ ಬರೆದಿಟ್ಟ ಹಳೆಯ ಪುಸ್ತಕ ಒಯ್ದರೆ ಬಾಗಿಲಲ್ಲೇ ತೆಗೆದಿಡಬೇಕಾಗುತ್ತದೆ. ಮುತ್ತಮ್ಮನ ಪುಸ್ತಕಗಳೆಲ್ಲ ಹಾಗೇ ಇದ್ದವು, ಮೂರು ಹೊಸದು ಕೊಂಡೆವು. ಇನ್ನೊಂದು ಕಷ್ಟ ಅವಳ ಬ್ಯಾಚಿನವರಿಗೇ ಬಂದದ್ದು. ಅವಳು ಕಾಲೇಜಿನಲ್ಲಿ ಓದಿದ್ದು ಹಳೆಯ ದಂಡ ಸಂಹಿತೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜತೆಗಿನ ಎರಡು ಹೊಸ ಕಾನೂನು ಜಾರಿಗೆ ಬಂದಿದ್ದವು. ಕೊಲೆಗೆ 302 ಎಂದು ನಾಲಗೆಗೆ ಬರುವುದು, ಈಗ ಅದು 103.

ಹೇಗೆ ಓದುವುದು ಎಂದು ಕೇಳಿದಾಗ ಅಂಕಗಳ ಹಂಚಿಕೆ ತೋರಿಸಿದೆ. ಹತ್ತೊಂಬತ್ತು ವಿಷಯ ಇದೆ ಎಂದು ಹೆದರಿದ್ದಳು. ಆದರೆ ಸಂವಿಧಾನ, ಸಿವಿಲ್ ಪ್ರಕ್ರಿಯೆ, ಕ್ರಿಮಿನಲ್ ಪ್ರಕ್ರಿಯೆ ತಲಾ ಹತ್ತು. ದಂಡ ಕಾನೂನು, ಸಾಕ್ಷ್ಯ, ಕೌಟುಂಬಿಕ ಕಾನೂನು, ಕರಾರು ಮತ್ತು ಆಸ್ತಿಯ ಗುಂಪು ತಲಾ ಎಂಟು. ಕೂಡಿದರೆ 62. ದಿನಾ ನನ್ನ ಆಫೀಸಿನಲ್ಲಿ ಅವಳು ಮುಟ್ಟುವ ಫೈಲುಗಳೆಲ್ಲ ಈ ವಿಷಯಗಳೇ. ಇವನ್ನು ಗಟ್ಟಿ ಮಾಡಿಕೋ, ಉಳಿದದ್ದನ್ನು ಒಂದು ಸಲ ತಿರುವಿ ನೋಡು ಎಂದೆ. ತೋಟದಲ್ಲಿ ಅರೇಬಿಕಾ ಹಣ್ಣು ಕೀಳುವ ಕಾಲ, ನಡುವೆ ಪುತ್ತರಿ ಹಬ್ಬ. ಬೆಳಿಗ್ಗೆ ಐದಕ್ಕೆ ಎದ್ದು ಓದಿದಳು. ಬೆಂಗಳೂರಿನ ಕೇಂದ್ರದಲ್ಲಿ ಪರೀಕ್ಷೆ ಬರೆದು ಬಂದಳು.

ಫಲಿತಾಂಶ 2025ರ ಮಾರ್ಚ್‌ವರೆಗೂ ಬರಲಿಲ್ಲ. ಈ ನಡುವಿನ ತಿಂಗಳುಗಳಲ್ಲಿ ಅವಳು ಕೋರ್ಟಿನಲ್ಲಿ ನಿಲ್ಲಬಹುದಾ? ನಿಯಮ ಪುಸ್ತಕದಲ್ಲಿ ಪರೀಕ್ಷೆ ಪಾಸಾಗದೆ ವಕೀಲಿಕೆ ಇಲ್ಲ ಎಂದಿದೆ. ಆದರೆ ಪರಿಷತ್ತೇ ಎರಡು ವರ್ಷದ ತಾತ್ಕಾಲಿಕ ಅವಕಾಶ ಕೊಟ್ಟಿದೆ, ಎಲ್ಲ ಕೋರ್ಟುಗಳಲ್ಲೂ ಜೂನಿಯರ್‌ಗಳು ಅದರ ಮೇಲೆಯೇ ನಿಲ್ಲುತ್ತಾರೆ. ನಾನು ಒಂದು ಕಟ್ಟು ಮಾಡಿಕೊಂಡೆ. ಪ್ರಮಾಣಪತ್ರ ಬರುವ ತನಕ ಅವಳು ಒಬ್ಬಳೇ ವಕಾಲತ್ತು ಹಾಕುವುದು ಬೇಡ, ನನ್ನ ಸಹಿಯ ಜತೆಗೇ ಅವಳ ಸಹಿ ಇರಲಿ. ನಾಳೆ ಯಾರಾದರೂ ತಕರಾರು ತೆಗೆದರೂ ಕಕ್ಷಿದಾರನ ಕೇಸಿಗೆ ಪೆಟ್ಟು ಬೀಳಬಾರದು.

ಹಾಗೆ ಜನವರಿಯ ಒಂದು ಬೆಳಿಗ್ಗೆ ಆ ಕೋಟು ಹೊರಗೆ ಬಂತು. ಗೌನ್ ಬೇಕಾ ಎಂದು ಕೇಳಿದಳು. ಹೈಕೋರ್ಟು, ಸುಪ್ರೀಂ ಕೋರ್ಟಿನಲ್ಲಿ ಕಡ್ಡಾಯ, ಇಲ್ಲಿ ನಿನ್ನಿಷ್ಟ, ಬ್ಯಾಂಡ್ ಮಾತ್ರ ಇರಲಿ ಎಂದೆ. ಒಂದು ಜಾಗದ ದಾವೆ, ಎದುರು ಪಕ್ಷದವರ ಉತ್ತರ ಪತ್ರ ಇನ್ನೂ ಬಂದಿರಲಿಲ್ಲ. ಕೇಸ್ ಕರೆದರು. ನಾನು ಪಕ್ಕದಲ್ಲೇ ಕೂತಿದ್ದೆ, ಏಳಲಿಲ್ಲ. ಅವಳು ಎದ್ದು ವಾದಿ ಪರ ಹಾಜರು ಎಂದಳು. ಉತ್ತರ ಪತ್ರಕ್ಕೆ ಕೊಟ್ಟ 30 ದಿನ ಮುಗಿದಿದೆ, ತಡಕ್ಕೆ ಕಾರಣ ಹೇಳಿ ಅರ್ಜಿಯನ್ನೂ ಹಾಕಿಲ್ಲ ಎಂದು ನೆನಪಿಸಿದಳು. ಧ್ವನಿ ನಡುಗುತ್ತಿತ್ತು, ಮಾತು ಸರಿಯಾಗಿತ್ತು. ನ್ಯಾಯಾಧೀಶರು ಎದುರು ಪಕ್ಷಕ್ಕೆ ಕೊನೆಯ ಅವಕಾಶ ಎಂದು ಬರೆಸಿದರು. ವಾಯಿದೆಯನ್ನು ಅವಳೇ ಡೈರಿಯಲ್ಲಿ ಬರೆದುಕೊಂಡಳು.

ಮಾರ್ಚ್‌ನಲ್ಲಿ ಪಾಸಾದ ಸುದ್ದಿ ಬಂತು. ವಕೀಲಿಕೆ ಪ್ರಮಾಣಪತ್ರವನ್ನು ಭಾರತೀಯ ಪರಿಷತ್ತು ತಯಾರಿಸಿ ರಾಜ್ಯ ಪರಿಷತ್ತಿಗೆ ಕಳಿಸುತ್ತದೆ, ನಾವು ಅಲ್ಲಿಂದ ಪಡೆಯಬೇಕು. ಅದು ಅವಳ ಕೈಗೆ ಬಂದ ದಿನ ಆಫೀಸಿಗೆ ಓಡಿ ಬಂದಳು. ಮೊದಲು ಸಿಹಿ ಕೊಡಲು ಬಂದವಳನ್ನು ಕೂರಿಸಿ, ಸನ್ನದು ಪಕ್ಕದಲ್ಲಿಟ್ಟು, ಮತ್ತೆ ಅದೇ ನಾಲ್ಕನ್ನು ಬೆರಳಿಟ್ಟು ಓದಿದೆವು. ಹೆಸರಿನಲ್ಲಿ `h` ಇತ್ತು. ಮನೆಪೆದದ ಅಕ್ಷರ ಮೊದಲು, ಅಪ್ಪನದು ಆಮೇಲೆ. ಮರುದಿನ ಅವಳು ತನ್ನೊಬ್ಬಳ ಸಹಿಯ ಮೊದಲ ವಕಾಲತ್ತು ಹಾಕಿದಳು, ಕೆಳಗೆ ನೋಂದಣಿ ಸಂಖ್ಯೆ ಬರೆದು.